ನೀರು ಕಾಸುವ ರಾಡಿನಿಂದ ಇಂಪೀಡೆನ್ಸ್ ಅಳೆದು ಸ್ಟಾರ್ಟಿಂಗ್ ಕೆಪಾಸಿಟರ್ ಕಂಡುಹಿಡಿದ ನನ್ನ ಅನುಭವ

ಕೊಪ್ಪಳದ ಕಡೆ ಹಳ್ಳಿಯ ಜೋಳದ ಗಿರಣಿಗಳಲ್ಲಿ ಸಿಂಗಲ್ ಫೇಸ್ ಒಂದು ಎಚ್‌ಪಿ ಮೋಟಾರುಗಳು ರೀವೈಂಡಿಂಗ್ ಆದ ಮೇಲೆ ಗುಂಯ್ ಅಂತ ನಿಂತುಬಿಡುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಖಾಲಿ ಇದ್ದಾಗ ತಿರುಗುತ್ತದೆ. ಕಲ್ಲಿನ ನಡುವೆ ಸ್ವಲ್ಪ ಜೋಳ ಉಳಿದಿದ್ದರೆ ಏಳುವುದಿಲ್ಲ. ಇಂಥ ಒಂದು ಮೋಟಾರಿಗೆ ಮೊದಲು 100 ಎಂಎಫ್‌ಡಿ ಸ್ಟಾರ್ಟಿಂಗ್ ಕೆಪಾಸಿಟರ್ ಹಾಕಿದೆ, ಏಳಲಿಲ್ಲ. ಆಮೇಲೆ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಮಾತು ನಂಬಿ ಎರಡು 200 ಜೋಡಿಸಿ 400 ಮಾಡಿದೆ. ಎದ್ದಿತು, ಆದರೆ ವಾರದೊಳಗೆ, ವೇಗ ಹಿಡಿದಾಗ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟು ಸುಟ್ಟಿತು. ಕೆಪಾಸಿಟರು, ಸ್ವಿಚ್ಚು ಸೇರಿ ಸುಮಾರು ಸಾವಿರ ರೂಪಾಯಿ ಹೋಯಿತು. ಎರಡು ಎಚ್‌ಪಿ ಮೋಟಾರು ತಂದುಬಿಡಿ ಎಂದು ಗಿರಣಿಯವರಿಗೆ ಸಲಹೆ ಕೊಟ್ಟವರೂ ಇದ್ದರು. ವೋಲ್ಟು, ಕರೆಂಟುಗಳ ಗಾತ್ರ, ದಿಕ್ಕು ಎರಡನ್ನೂ ಹಿಡಿಯುವ ಫೇಸರ್ ಲೆಕ್ಕದಿಂದ ಕೆಪಾಸಿಟರ್ ಕಂಡುಹಿಡಿಯುತ್ತೇನೆ ಅಂದಾಗ, ಅದು ಕಾಲೇಜಿನ ಬೋರ್ಡಿನ ಮೇಲಷ್ಟೇ ನಡೆಯುತ್ತದೆ ಅಂದರು. ಈಗ ಅದೇ ಮೋಟಾರು ಜೋಳ ತುಂಬಿಟ್ಟರೂ ಏಳುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಎರಡೂ ವೈಂಡಿಂಗಿನ ಇಂಪೀಡೆನ್ಸ್, ಅಂದರೆ ಎ.ಸಿ. ಕರೆಂಟಿಗೆ ಅವು ಒಡ್ಡುವ ಒಟ್ಟು ಅಡ್ಡಿ, ಅದೂ ಮೋಟಾರು ನಿಂತಿರುವಾಗ. ಇಲ್ಲಿ ಮಲ್ಟಿಮೀಟರಿನ ಓಮ್ ನಂಬಬಾರದು. ರನ್ನಿಂಗ್ ವೈಂಡಿಂಗು ಮೀಟರಿನಲ್ಲಿ ಎರಡೂವರೆ ಓಮ್ ತೋರಿಸಿತು, ಎ.ಸಿ.ಯಲ್ಲಿ ಅಳೆದಾಗ ರೆಸಿಸ್ಟೆನ್ಸ್ ಪಾಲೇ ನಾಲ್ಕೂವರೆ ಬಂತು. ರೋಟರಿನ ತಾಮ್ರ ಅಥವಾ ಅಲ್ಯುಮಿನಿಯಂ ಪಟ್ಟಿಗಳ ರೆಸಿಸ್ಟೆನ್ಸೂ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಂತೆ ಈ ಕಡೆಗೆ ಬಂದು ಸೇರುತ್ತದೆ. ನನ್ನ ಮೊದಲ ಲೆಕ್ಕ ತಪ್ಪಿದ್ದೇ ಇದರಿಂದ.

ವೇರಿಯಾಕ್, ವಾಟ್‌ಮೀಟರ್ ಎರಡೂ ನನ್ನಲ್ಲಿ ಇರಲಿಲ್ಲ. ಬದಲಿಗೆ 2000 ವಾಟಿನ ನೀರು ಕಾಸುವ ರಾಡನ್ನು ಬಕೆಟ್ ನೀರಿನಲ್ಲಿ ಇಳಿಬಿಟ್ಟು ವೈಂಡಿಂಗಿಗೆ ಸೀರೀಸಿನಲ್ಲಿ ಹಚ್ಚಿದೆ. ರಾಡು ಸುಮಾರು 26.4 ಓಮ್, ಹೆಚ್ಚುಕಡಿಮೆ ಶುದ್ಧ ರೆಸಿಸ್ಟೆನ್ಸ್. ಒಂದೇ ವೈಂಡಿಂಗಿಗೆ ಕರೆಂಟು ಕೊಟ್ಟರೆ ಮೋಟಾರು ತಾನಾಗಿ ತಿರುಗುವುದಿಲ್ಲ, ಹಾಗಾಗಿ ಶಾಫ್ಟ್ ಹಿಡಿಯುವ ಕೆಲಸವೂ ಇಲ್ಲ. ಹತ್ತು ಸೆಕೆಂಡಿನಲ್ಲಿ ಓದಿ ಬಂದ್ ಮಾಡಬೇಕು, ಸ್ಟಾರ್ಟಿಂಗ್ ವೈಂಡಿಂಗಿನ ತಂತಿ ಸಣ್ಣದು. ಕರೆಂಟು ಇರುವಾಗ ಬಕೆಟ್ಟಿನ ನೀರಿಗೆ ಕೈ ಹಾಕಬಾರದು.

ಸ್ಟಾರ್ಟಿಂಗ್ ವೈಂಡಿಂಗಿಗೆ ಬಂದ ಅಂಕಿಗಳು: ಲೈನು 230, ರಾಡಿನ ಮೇಲೆ 154, ವೈಂಡಿಂಗಿನ ಮೇಲೆ 87.5 ವೋಲ್ಟು, ಕರೆಂಟು 5.83 ಆಂಪಿಯರ್. 154ಕ್ಕೆ 87.5 ಕೂಡಿಸಿದರೆ 241.5 ಆಗುತ್ತದೆ, 230 ಅಲ್ಲ. ಮೀಟರು ತಪ್ಪಲ್ಲ. ಎರಡು ವೋಲ್ಟೇಜುಗಳ ದಿಕ್ಕು ಬೇರೆ ಇರುವುದರಿಂದ ಅವನ್ನು ತ್ರಿಕೋನದ ಬಾಹುಗಳಂತೆ ಕೂಡಿಸಬೇಕು. ಆ ತ್ರಿಕೋನದಿಂದಲೇ ಕೋನ ಸಿಗುತ್ತದೆ:

```
cosφ = (V² - Vr² - Vz²) / (2·Vr·Vz)
     = (230² - 154² - 87.5²) / (2·154·87.5) = 0.8
|Z|  = 87.5 / 5.83 = 15 Ω
Za   = 15·0.8 + j·15·0.6 = 12 + j9
```

ರನ್ನಿಂಗ್ ವೈಂಡಿಂಗಿಗೂ ಹೀಗೇ ಮಾಡಿದಾಗ ರಾಡಿನ ಮೇಲೆ 193, ವೈಂಡಿಂಗಿನ ಮೇಲೆ 54.7 ವೋಲ್ಟು, 7.29 ಆಂಪಿಯರ್. ಅದರಿಂದ Zm = 4.5 + j6.

ಇಲ್ಲಿ ನಾನು ಎರಡು ದಿನ ಕಳೆದೆ. ಒಂದೇ ಮೀಟರಿನಿಂದ ಒಂದಾದ ಮೇಲೊಂದು ಓದುತ್ತಿದ್ದೆ, ಅಷ್ಟರಲ್ಲಿ ಲೈನು ಏರಿಳಿಯುತ್ತಿತ್ತು. ಒಮ್ಮೆ ಲೈನು 242 ಓದಿ, ಉಳಿದೆರಡು ಹಳೆಯ ಅಂಕಿಯನ್ನೇ ಹಾಕಿದಾಗ cosφ 1.01 ಬಂತು. ಒಂದಕ್ಕಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲ, ಓದಿದ್ದು ತಪ್ಪು ಅನ್ನುವುದಕ್ಕೆ ಅದೇ ಗುರುತು. ಆದರೆ 0.9 ಬಂದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮೂರು ಮೀಟರು ಒಟ್ಟಿಗೆ ಹಚ್ಚಿ ಒಂದೇ ಫೋಟೋದಲ್ಲಿ ಓದಿದ ಮೇಲೆ ಅಂಕಿ ನಿಂತವು. ರನ್ನಿಂಗ್ ವೈಂಡಿಂಗಿನಲ್ಲಿ ಎರಡು ವೋಲ್ಟಿನ ತಪ್ಪಿಗೆ ಕೋನ ಸುಮಾರು ಮೂರು ಡಿಗ್ರಿ ಸರಿಯುತ್ತದೆ.

ಕೋನಗಳನ್ನು ನೋಡಿ. ರನ್ನಿಂಗ್ ಕರೆಂಟು ಲೈನಿಗಿಂತ 53 ಡಿಗ್ರಿ ಹಿಂದೆ, ಸ್ಟಾರ್ಟಿಂಗ್ ಕರೆಂಟು 37 ಡಿಗ್ರಿ ಹಿಂದೆ. ನಡುವೆ 16 ಡಿಗ್ರಿ ಮಾತ್ರ ಇರುವುದರಿಂದ ಕೆಪಾಸಿಟರಿಲ್ಲದೆ ಬರೀ ಗುಂಯ್ ಅನ್ನುತ್ತದೆ. 90 ಡಿಗ್ರಿ ಬೇಕೆಂದರೆ ಸ್ಟಾರ್ಟಿಂಗ್ ಕರೆಂಟು ಲೈನಿಗಿಂತ 37 ಡಿಗ್ರಿ ಮುಂದೆ ಬರಬೇಕು. ಅಂದರೆ 12 + j9 ಇದ್ದದ್ದು 12 − j9 ಆಗಬೇಕು, ಕೆಪಾಸಿಟರು 18 ಓಮ್ ಕಳೆಯಬೇಕು. 50 ಹರ್ಟ್ಸ್‌ಗೆ 3183ನ್ನು 18ರಿಂದ ಭಾಗಿಸಿದರೆ 177 ಎಂಎಫ್‌ಡಿ.

ಲೈನು 230 ಇದ್ದರೆ ಆಗ ಸ್ಟಾರ್ಟಿಂಗ್ ಕರೆಂಟು 15.3 ಆಂಪಿಯರ್. ಕೆಪಾಸಿಟರಿನ ಮೇಲೆ 276 ವೋಲ್ಟು, ವೈಂಡಿಂಗಿನ ಮೇಲೆ 230. ಲೈನಿಗಿಂತ ಹೆಚ್ಚು ವೋಲ್ಟು ಎಲ್ಲಿಂದ ಬಂತು ಎಂದು ಜಗಳವಾಡಿದವರಿಗೆ ಮೀಟರು ಹಚ್ಚಿ ತೋರಿಸಿದೆ. 250 ವೋಲ್ಟಿನ ಕೆಪಾಸಿಟರು ಉಬ್ಬುವುದು ಇದಕ್ಕೇ. ಕರೆಂಟಿನಲ್ಲೂ ಇದೇ ಮಾತು: ರನ್ನಿಂಗಿನ 30.7ಕ್ಕೆ ಸ್ಟಾರ್ಟಿಂಗಿನ 15.3 ನೇರ ಕೂಡಿಸಿದರೆ 46, ಆದರೆ ಲೈನು ಕೊಡುವುದು 34.3 ಮಾತ್ರ.

```
Im = 230 / (4.5 + j6) = 18.4 - j24.5
Ia = 230 / (12 - j9)  = 12.3 + j9.2
I  = 30.7 - j15.3     → 34.3 A
```

90 ಡಿಗ್ರಿಯಲ್ಲೇ ತಿರುಗಿಸುವ ಬಲ ಅತಿ ಹೆಚ್ಚು ಅನ್ನುವುದು ನಮ್ಮಲ್ಲಿ ಬೇರೂರಿದ ತಪ್ಪು. ಬಲಕ್ಕೆ ಕೋನದಷ್ಟೇ ಕರೆಂಟಿನ ಗಾತ್ರವೂ ಬೇಕು. ಎರಡನ್ನೂ ಹಿಡಿದು ಲೆಕ್ಕ ಹಾಕಿದರೆ ಈ ಮೋಟಾರಿಗೆ ಶಿಖರ ಬರುವುದು ಸುಮಾರು 245 ಎಂಎಫ್‌ಡಿಯಲ್ಲಿ, ಕೋನ 72 ಡಿಗ್ರಿ ಇರುವಾಗ. 177ಕ್ಕಿಂತ ಎಂಟನೇ ಒಂದು ಪಾಲು ಹೆಚ್ಚು ಬಲ, ಆದರೆ ಲೈನಿನಿಂದ 40 ಆಂಪಿಯರ್. 400ಕ್ಕೆ ಹೋದರೆ ಬಲ 177ಕ್ಕಿಂತಲೂ ಕಡಿಮೆ. 100ರಲ್ಲಿ 177ರ ಅರ್ಧದಷ್ಟೇ. ಹಳ್ಳಿಯ ಕೊನೆಯ ಕಂಬದಲ್ಲಿ ಹೆಚ್ಚುವರಿ ಕರೆಂಟು ವೋಲ್ಟೇಜನ್ನೇ ತಿನ್ನುತ್ತದೆ, ಬಲ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 190 ವೋಲ್ಟಿಗೆ ಮೂರನೇ ಒಂದು ಪಾಲು ಹೋಯಿತು. ಹಾಗಾಗಿ 200ರ ಸುತ್ತ ನಿಂತೆ.

ಅಂಗಡಿಯ 150-200 ಎಂದು ಬರೆದ ಕೆಪಾಸಿಟರು ನಿಜಕ್ಕೂ ಎಷ್ಟು ಎಂದು ಅದೇ ರಾಡಿನ ಜೊತೆ ಒಂದೆರಡು ಸೆಕೆಂಡು ಹಚ್ಚಿ ನೋಡಿದೆ. 3183 ಗುಣಿಸು ಆಂಪಿಯರ್, ಭಾಗಿಸು ಕೆಪಾಸಿಟರಿನ ವೋಲ್ಟು. ಒಂದೇ ಡಬ್ಬಿಯ ಎರಡರಲ್ಲಿ ಒಂದು 160, ಇನ್ನೊಂದು 195. ಎರಡನೆಯದನ್ನು ಹಾಕಿದೆ, ಬೆಲೆ ಇನ್ನೂರರ ಆಸುಪಾಸು. ಮುಟ್ಟುವ ಮೊದಲು ಬಲ್ಬು ಹಚ್ಚಿ ಖಾಲಿ ಮಾಡಿಕೊಳ್ಳಿ.

ಗಿರಣಿಯಲ್ಲಿ ಲೈನು 205 ಇದ್ದಾಗ ಲೆಕ್ಕದ ಪ್ರಕಾರ ಏಳುವ ಕರೆಂಟು 32 ಆಂಪಿಯರ್ ಬರಬೇಕಿತ್ತು. ಕ್ಲ್ಯಾಂಪ್ ಮೀಟರು 35 ತೋರಿಸಿತು. ರಾಡಿನ ಮೂಲಕ ಅಳೆದದ್ದು ಆರೇಳು ಆಂಪಿಯರಿನಲ್ಲಿ. ಮೂವತ್ತು ಆಂಪಿಯರಿನಲ್ಲಿ ಹಲ್ಲುಗಳ ಕಬ್ಬಿಣ ತುಂಬಿಕೊಂಡು ರಿಯಾಕ್ಟೆನ್ಸ್ ಸ್ವಲ್ಪ ಇಳಿಯುತ್ತದೆ. ಇದನ್ನು ಮೊದಲೇ ಅಂದಾಜು ಮಾಡಿ ತಿದ್ದಿಕೊಳ್ಳುವ ಒಂದು ದಾರಿ ನನ್ನಲ್ಲಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಈ ಲೆಕ್ಕ ಮೋಟಾರು ನಿಂತಿರುವಾಗಿನದು ಮಾತ್ರ. ವೇಗ ಹಿಡಿದಂತೆ ವೈಂಡಿಂಗಿನಲ್ಲಿ ಹುಟ್ಟುವ ವೋಲ್ಟೇಜು ಸೇರಿಕೊಂಡು 12 + j9 ಉಳಿಯುವುದಿಲ್ಲ, ಕೆಪಾಸಿಟರಿನ ಮೇಲಿನ ವೋಲ್ಟು ಇನ್ನೂ ಏರುತ್ತದೆ. ಸ್ವಿಚ್ಚು ಅಂಟಿಕೊಂಡು ಬಿಡದಿದ್ದರೆ ಸ್ಟಾರ್ಟಿಂಗ್ ಕೆಪಾಸಿಟರು ನಿಮಿಷಗಳಲ್ಲಿ ಸಿಡಿಯುತ್ತದೆ. ಅದಕ್ಕೆ ಹೊಸ ಕೆಪಾಸಿಟರು ಹಾಕಿದ ದಿನ ಸ್ಟಾರ್ಟಿಂಗ್ ತಂತಿಗೆ ಕ್ಲ್ಯಾಂಪ್ ಮೀಟರು ಹಾಕಿ, ಎರಡು ಮೂರು ಸೆಕೆಂಡಿನಲ್ಲಿ ಕರೆಂಟು ಸೊನ್ನೆಗೆ ಬಂತೇ ಎಂದು ನೋಡಿಯೇ ಗಿರಣಿ ಬಿಡುತ್ತೇನೆ.