ಹಳೆ ಇಂಗ್ಲಿಷ್ ನಾಟಕ ಓದುವಾಗ 'ವೇರ್‌ಫೋರ್' ಕಂಡರೆ 'ಎಲ್ಲಿ' ಅಂದ್ಕೋಬೇಡಿ

ರೋಮಿಯೋ ಜೂಲಿಯೆಟ್ ಓದುತ್ತಿರುವವರಿಗೆ ಒಂದು ಸಲಹೆ. ಬಾಲ್ಕನಿಯಲ್ಲಿ ಜೂಲಿಯೆಟ್ 'ವೇರ್‌ಫೋರ್ ಆರ್ಟ್ ದೌ ರೋಮಿಯೋ' ಅಂದಾಗ ನಾನು ಕಾಲೇಜಿನಲ್ಲಿ 'ರೋಮಿಯೋ, ಎಲ್ಲಿದ್ದೀಯ?' ಅಂತ ಬರೆದು ಮಾರ್ಕ್ಸ್ ಕಳೆದುಕೊಂಡಿದ್ದೆ. ವೇರ್‌ಫೋರ್ ಅಂದರೆ 'ಯಾಕೆ'. ದೇರ್‌ಫೋರ್ ಅಂದರೆ 'ಅದಕ್ಕೇ' ಅಲ್ವಾ, ಅದರ ಪ್ರಶ್ನೆ ರೂಪ ಇದು. ಅವಳು ಕೇಳುವುದು 'ನೀನು ಯಾಕಾದ್ರೂ ರೋಮಿಯೋ ಆದೆ?' ಅಂತ, ಅಂದರೆ ವೈರಿಗಳ ಮನೆಯ ಹೆಸರು ನಿನಗೇ ಯಾಕೆ ಬಂತು ಅಂತ. ಅನುಮಾನ ಇದ್ದರೆ ಮುಂದಿನ ಸಾಲು ನೋಡಿ, ಅಪ್ಪನನ್ನು ಬಿಡು, ಹೆಸರು ಬಿಡು ಅಂತಾಳೆ. ಅವನು ಕೆಳಗೇ ನಿಂತಿದ್ದಾನೆ ಅಂತ ಅವಳಿಗೆ ಗೊತ್ತೇ ಇಲ್ಲ.

'ದೌ' ಅಂದರೆ ನಮ್ಮ 'ನೀನು'. ಇವತ್ತಿನ ಇಂಗ್ಲಿಷಿನಲ್ಲಿ ಅದಕ್ಕೂ 'ಯೂ' ಒಂದೇ, ಆದರೆ ಆಗ 'ಯೂ' ಹೆಚ್ಚಾಗಿ 'ನೀವು' ಥರ. ಸಲುಗೆಗೂ ದೌ, ಬೈಯೋಕೂ ದೌ, ದೇವರಿಗೂ ದೌ. ಹಾಗಾಗಿ ಒಂದೇ ಮಾತುಕತೆಯಲ್ಲಿ ಯೂ ಇದ್ದದ್ದು ದೌ ಆದರೆ ಸುಮ್ನೆ ದಾಟಿ ಹೋಗಬೇಡಿ. ಯಾರಿಗೋ ಪ್ರೀತಿ ಬಂದಿರಬಹುದು, ಇಲ್ಲಾ ಸಿಟ್ಟು. ಶೇಕ್ಸ್‌ಪಿಯರ್ ಪ್ರತಿ ಸಲ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿಲ್ಲ, ಅದೂ ನೆನಪಿರಲಿ.

ಇನ್ನು ಹಿದರ್, ದಿದರ್, ವಿದರ್. ಇವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡೋದೇ ಬೇಡ. ಇತ್ತ, ಅತ್ತ, ಎತ್ತ, ಅದೇ ಕ್ರಮದಲ್ಲಿ. 'ಕಮ್ ಹಿದರ್' ಅಂದರೆ ಈಗಿನ 'ಕಮ್ ಹಿಯರ್', ಇತ್ತ ಬಾ. ಹೆನ್ಸ್, ದೆನ್ಸ್, ವೆನ್ಸ್ ಬಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ.