ಕ್ಯಾಲೆಂಡರಿನಲ್ಲಿ ಬರೆದ 'ರಾ'

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಾನು ಸ್ಟಾಫ್ ನರ್ಸ್. ನನ್ನ ಪತಿ ಅಮೆರಿಕದ ಗ್ರಾಹಕರ ಕರೆ ಸ್ವೀಕರಿಸುವ ಕಾಲ್ ಸೆಂಟರಿನಲ್ಲಿದ್ದಾರೆ. ಅವರಿಗೆ ವರ್ಷವಿಡೀ ರಾತ್ರಿ ಪಾಳಿ. ನನಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಸುತ್ತುವ ಡ್ಯೂಟಿ. ಇಬ್ಬರಿಗೂ ನಿದ್ರೆಯದೇ ತೊಂದರೆಯಾದ್ದರಿಂದ ಪರಿಹಾರವೂ ಒಂದೇ ಇರಬೇಕು ಎಂದುಕೊಂಡು ಎರಡು ವರ್ಷ ಕಳೆದೆವು.

ನನ್ನ ಕಣ್ಣು ತೆರೆಸಿದ್ದು ಒಂದು ಬೆಳಗಿನ ಜಾವ. ಸತತ ಆರನೆಯ ರಾತ್ರಿ ಡ್ಯೂಟಿ, ಗಂಟೆ ನಾಲ್ಕು ದಾಟಿತ್ತು. ರಕ್ತದೊತ್ತಡ ಕುಸಿದಿದ್ದ ರೋಗಿಗೆ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಹೋಗುತ್ತಿತ್ತು. ಹೊಸ ಸಿರಿಂಜ್ ಹಾಕಿ ಪಂಪಿನಲ್ಲಿ ಗಂಟೆಗೆ 4 ಎಂಎಲ್ ಎಂದು ಒತ್ತಬೇಕಿತ್ತು, 40 ಎಂದು ಒತ್ತಿದ್ದೆ. ಇಂಥ ಔಷಧಿಯನ್ನು ಇಬ್ಬರು ನೋಡಿಯೇ ಶುರು ಮಾಡಬೇಕೆಂಬ ನಿಯಮವಿದ್ದುದರಿಂದ ಪಕ್ಕದ ಹಾಸಿಗೆಯ ಸಿಸ್ಟರ್ ಬಂದು ನೋಡಿದರು. "ಸೊನ್ನೆ ಯಾಕೆ?" ಎಂದರು, ಅಷ್ಟೇ. ಪರದೆಯನ್ನು ನಾನೂ ನೋಡುತ್ತಲೇ ಇದ್ದೆ, ಆದರೆ ಆ ಸೊನ್ನೆ ನನಗೆ ಕಂಡಿರಲಿಲ್ಲ. ಆ ಹೊತ್ತಿಗೆ ದೇಹದ ಉಷ್ಣಾಂಶ ದಿನದಲ್ಲೇ ಅತ್ಯಂತ ಕೆಳಗಿಳಿದಿರುತ್ತದೆ, ಎಚ್ಚರವೂ ಅದರೊಂದಿಗೇ ಇಳಿಯುತ್ತದೆ ಎಂದು ತರಗತಿಯಲ್ಲಿ ಓದಿದ್ದೆ. ಪರೀಕ್ಷೆಗೆ ಓದಿದ್ದು, ಅಲ್ಲೇ ಬಿಟ್ಟು ಬಂದಿದ್ದೆ.

ಅಂದಿನಿಂದ ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಸಮಯ, ಎದ್ದ ಸಮಯ, ಕಾಫಿ ಕುಡಿದ ಹೊತ್ತು ಬರೆದಿಟ್ಟೆ. ಎರಡು ಸಂಗತಿ ಎದ್ದು ಕಂಡವು. ಮೊದಲನೆಯ ರಾತ್ರಿಗೆ ಹೋಗುವಾಗ ನಾನು ಆಗಲೇ ಹದಿನಾಲ್ಕು ಗಂಟೆ ಎಚ್ಚರವಿರುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಮುಗಿಯುವ ವೇಳೆಗೆ ಇಪ್ಪತ್ತಾರು ಗಂಟೆ. ಎರಡನೆಯದು, ರಾತ್ರಿ ಪಾಳಿಯ ಬೆನ್ನಿಗೆ ಮಧ್ಯಾಹ್ನದ ಪಾಳಿ, ಅದರ ಬೆನ್ನಿಗೆ ಬೆಳಗಿನ ಪಾಳಿ ಬರುತ್ತಿತ್ತು. ಅಂದರೆ ಪ್ರತಿ ಸಲವೂ ಮೊದಲಿಗಿಂತ ಬೇಗ ಮಲಗಿ ಬೇಗ ಏಳಬೇಕು. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆ ಪುಸ್ತಕ ಹಿಡಿದು ಇನ್‌ಚಾರ್ಜ್ ಸಿಸ್ಟರ್ ಬಳಿಗೆ ಹೋದೆ. ಆಯಾಸ ಎಂದು ಅತ್ತಿದ್ದರೆ "ಎಲ್ಲರಿಗೂ ಇದೆಯಮ್ಮಾ" ಎನ್ನುತ್ತಿದ್ದರು. ನಾನು ಕೇಳಿದ್ದು ಎರಡೇ: ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸುತ್ತಲಿ, ರಾತ್ರಿಗಳು ಒಂದೇ ಸಮನೆ ಮೂರಕ್ಕಿಂತ ಹೆಚ್ಚಾಗದೆ, ಆಮೇಲೆ ಎರಡು ರಜೆ ಸಿಗಲಿ. ಒಟ್ಟು ರಾತ್ರಿಗಳ ಲೆಕ್ಕ ಬದಲಾಗದ ಕಾರಣ ಒಂದು ತಿಂಗಳು ನೋಡೋಣ ಎಂದು ಒಪ್ಪಿದರು. ಕೆಲವರು ಗೊಣಗಿದರು. ಆರು ರಾತ್ರಿ ಒಟ್ಟಿಗೆ ಮುಗಿಸಿ ಊರಿಗೆ ಹೋಗುವವರಿಗೆ ಹಳೆಯ ಪಟ್ಟಿಯೇ ಅನುಕೂಲವಾಗಿತ್ತು, ಅವರ ಮಾತಿನಲ್ಲೂ ಸುಳ್ಳಿರಲಿಲ್ಲ.

ಮೂರೇ ರಾತ್ರಿಯಾದರೆ ದೇಹವನ್ನು ರಾತ್ರಿಗೆ ಒಗ್ಗಿಸಲು ಹೋಗಲೇಬಾರದು. ಒಗ್ಗುವಷ್ಟರಲ್ಲಿ ಮತ್ತೆ ಹಗಲು ಬಂದಿರುತ್ತದೆ. ಹಾಗಾಗಿ ಮೊದಲ ರಾತ್ರಿಯ ದಿನ ಊಟವಾದ ಮೇಲೆ ಒಂದೂವರೆಯಿಂದ ಮೂರರವರೆಗೆ ಮಲಗುತ್ತೇನೆ. ನಿದ್ರೆ ಬರದಿದ್ದರೂ ಕತ್ತಲಲ್ಲಿ ಬಿದ್ದಿರುತ್ತೇನೆ. ಡ್ಯೂಟಿಯಲ್ಲಿ ಒಂಬತ್ತಕ್ಕೆ ಒಂದು ಕಾಫಿ, ಹನ್ನೆರಡೂವರೆಗೆ ಇನ್ನೊಂದು, ಅನಂತರ ಇಲ್ಲ. ಹಿಂದೆ ನಾಲ್ಕಕ್ಕೆ ಕುಡಿಯುತ್ತಿದ್ದ ಕಾಫಿಯ ಅರ್ಧ ಭಾಗ ಒಂಬತ್ತಕ್ಕೆ ದಿಂಬಿಗೆ ತಲೆ ಕೊಟ್ಟಾಗಲೂ ಒಳಗೇ ಇರುತ್ತಿತ್ತು. ಎರಡರ ನಂತರ, ಪಕ್ಕದ ಸಿಸ್ಟರ್ ನನ್ನ ರೋಗಿಗಳನ್ನು ನೋಡಿಕೊಳ್ಳಲು ಒಪ್ಪಿದರೆ, ಇಪ್ಪತ್ತು ನಿಮಿಷದ ಅಲಾರಂ ಇಟ್ಟು ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತೇನೆ. ಬಳಿಕ ನಾನು ಅವರ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಒಮ್ಮೆ ಐವತ್ತು ನಿಮಿಷ ಮಲಗಿದ್ದೆ. ಎದ್ದ ಮೇಲೆ ಕಾಲು ಗಂಟೆ ಯಾವ ವಾರ್ಡ್ ಎಂಬುದೇ ತಿಳಿಯದ ಮಂಪರು, ಅಂಥ ಸ್ಥಿತಿಯಲ್ಲಿ ಔಷಧಿ ಮುಟ್ಟಬಾರದು. ಈಗ ಎದ್ದು ಮುಖ ತೊಳೆದು ಐದು ನಿಮಿಷ ನಡೆದಾಡಿದ ಮೇಲೆಯೇ ಚಾರ್ಟ್ ಹಿಡಿಯುತ್ತೇನೆ. ಚಾರ್ಟಿನಲ್ಲಿ ನನ್ನ ಅಕ್ಷರ ಗೆರೆಯಿಂದ ಕೆಳಗೆ ಜಾರತೊಡಗಿದರೆ ನಾನು ತೂಕಡಿಸುತ್ತಿದ್ದೇನೆಂದು ಅರ್ಥ. ಇದು ನನಗೆ ಗೊತ್ತಾಗುವ ಮುಂಚೆ ಕಾಗದಕ್ಕೆ ಗೊತ್ತಾಗುತ್ತದೆ.

ಬೆಳಿಗ್ಗೆ ಸ್ಕೂಟರ್ ಮುಟ್ಟುವುದಿಲ್ಲ, ಬಸ್ಸು. ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳು ಬೆಳಗಾಯಿತೆಂದು ಎದ್ದು ಕೂರುತ್ತದೆ, ಅದಕ್ಕೆ ಕಪ್ಪು ಕನ್ನಡಕ. ಕಿಟಕಿಯ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿದ್ದೇನೆ. ಮೂರನೆಯ ರಾತ್ರಿ ಮುಗಿದ ದಿನ ಮಾತ್ರ ಹನ್ನೆರಡಕ್ಕೇ ಎದ್ದುಬಿಡುತ್ತೇನೆ. ಸಂಜೆಯವರೆಗೆ ಮೈ ಭಾರ, ಮಾತು ಸಿಡುಕು. ಆದರೆ ರಾತ್ರಿ ಹತ್ತಕ್ಕೆ ನಿದ್ರೆ ತಾನಾಗಿ ಬರುತ್ತದೆ.

ಪತಿಗೆ ಇದೇ ವಿಧಾನ ಹೇಳಿದ್ದು ನನ್ನ ತಪ್ಪು. ಅವರದು ಐದು ರಾತ್ರಿ ಖಾಯಂ. ಶನಿವಾರ, ಭಾನುವಾರ ಎಲ್ಲರಂತೆ ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದರು, ಸೋಮವಾರ ರಾತ್ರಿ ಮತ್ತೆ ತಲೆಕೆಳಗು. ವಾರಕ್ಕೊಮ್ಮೆ ವಿದೇಶಕ್ಕೆ ಹೋಗಿ ಬಂದ ಹಾಗೆ. ಎದೆಯುರಿ ಶುರುವಾಯಿತು, ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು, ಅಂದರೆ ಮಧುಮೇಹದ ಹೊಸ್ತಿಲು. ಅದೇ ಅನ್ನ ನಡುರಾತ್ರಿ ಉಂಡರೆ ಸಕ್ಕರೆ ಹಗಲಿಗಿಂತ ಹೆಚ್ಚು ಏರುತ್ತದೆ ಎಂದು ವೈದ್ಯರು ವಿವರಿಸಿದರು. ಈಗ ಕೆಲಸದ ದಿನ ಐದಕ್ಕೆ ಮಲಗಿ ಹನ್ನೆರಡಕ್ಕೆ ಏಳುತ್ತಾರೆ, ರಜೆಯ ದಿನ ಮೂರಕ್ಕೆ ಮಲಗಿ ಹತ್ತೂವರೆಗೆ ಏಳುತ್ತಾರೆ. ದೊಡ್ಡ ಊಟ ಹೊರಡುವ ಮುಂಚೆಯೇ; ಕ್ಯಾಂಟೀನಿನ ಎರಡು ಗಂಟೆಯ ಬಿರಿಯಾನಿ ನಿಂತು ಒಂದು ಡಬ್ಬಿ ಮೊಸರನ್ನ ಬಂದಿದೆ. ರಜೆಯ ದಿನದ ಬೆಳಗಿನ ಮದುವೆ, ಗೃಹಪ್ರವೇಶಗಳಿಗೆ ಅವರು ಬರುವುದಿಲ್ಲ. ನೆಂಟರಿಗೆ ಇನ್ನೂ ಕೋಪವಿದೆ.

ಮನೆಯ ಕಥೆ ಬೇರೆಯೇ. ಒಂದು ದಿನ ಶಾಲೆಯಿಂದ ಟೀಚರ್ ಫೋನ್ ಮಾಡಿ, "ಮಗುವಿಗೆ ಗಂಟಲು ನೋವೇ? ಪಿಸುಮಾತಿನಲ್ಲೇ ಉತ್ತರ ಹೇಳುತ್ತಾಳೆ" ಎಂದರು. ಆರು ವರ್ಷದ ಮಗಳಿಗೆ ಗಂಟಲು ನೋವಿರಲಿಲ್ಲ. ಮನೆಯಲ್ಲಿ ಯಾವಾಗಲೂ ಯಾರೋ ಒಬ್ಬರು ಮಲಗಿರುತ್ತಿದ್ದರಲ್ಲ, ಮೆಲ್ಲಗೆ ಮಾತನಾಡುವುದೇ ಅಭ್ಯಾಸವಾಗಿತ್ತು. ಆ ದಿನ ಅತ್ತೆಯೂ ನಾನೂ ಸುಮ್ಮನೆ ಕೂತೆವು. ಹಗಲು ಮಲಗುವ ಸೊಸೆಯ ಬಗ್ಗೆ ಅವರಿಗೆ ಮೊದಲು ಅಸಮಾಧಾನವಿತ್ತು. ಆಮೇಲೆ ಅವರೇ ಕುಕ್ಕರ್ ಕೂಗುವ ಕೆಲಸವನ್ನೆಲ್ಲ ಎಂಟೂವರೆಯೊಳಗೆ ಮುಗಿಸತೊಡಗಿದರು, ಮಧ್ಯಾಹ್ನ ಮಗಳನ್ನು ತಾರಸಿಗೆ ಕರೆದೊಯ್ದು ಕೂಗಾಡಲು ಬಿಟ್ಟರು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಮೊದಲ ದಿನವೇ ನನ್ನ ಪಾಳಿ ಬರೆಯುತ್ತೇನೆ: ಬೆ, ಮ, ರಾ. ಗಂಡ ಹೆಂಡತಿ ಇಬ್ಬರೂ ಎಚ್ಚರವಿರುವ ಹೊತ್ತಿಗೆ ಹಸಿರು ಗೆರೆ. 'ಬೆ' ಇದ್ದ ದಿನ ನಾನು ಮೂರಕ್ಕೆ ಮನೆಗೆ ಬರುತ್ತೇನೆ, ಐದಕ್ಕೆ ಅವರ ಕ್ಯಾಬ್. ಆ ಎರಡು ಗಂಟೆಯಲ್ಲಿ ಶಾಲೆಯ ಫೀಸು, ಗ್ಯಾಸ್ ಸಿಲಿಂಡರ್ ಮಾತು ಎತ್ತಬಾರದು. ಅವಕ್ಕೆಲ್ಲ ಫ್ರಿಜ್ ಮೇಲಿನ ಚೀಟಿ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ ಇವರ ಲಾಗಿನ್ ಆರೂವರೆಯಿಂದ ಏಳೂವರೆಗೆ ಹೋಗುತ್ತದೆ, ಹಸಿರು ಗೆರೆ ಒಂದು ಗಂಟೆ ಉದ್ದವಾಗುತ್ತದೆ. ಮಾರ್ಚಿನಲ್ಲಿ ವಾಪಸ್ ಕಿತ್ತುಕೊಳ್ಳುತ್ತಾರೆ. ನಮಗೆ ಯುಗಾದಿಗಿಂತ ಮುಂಚೆ ನೆನಪಾಗುವುದು ಅದೇ.

ಈ ತಿಂಗಳು ನಮ್ಮ ಘಟಕದಲ್ಲಿ ಇಬ್ಬರು ಕೆಲಸ ಬಿಟ್ಟರು, ಮೂರು ರಾತ್ರಿಯ ಒಪ್ಪಂದ ಮುರಿಯಿತು. ಕುರ್ಚಿ ಹತ್ತಿ ಕ್ಯಾಲೆಂಡರ್ ಓದಿದ ಮಗಳು ಗಟ್ಟಿಯಾಗಿಯೇ ಕೂಗಿದಳು, "ಅಜ್ಜೀ, ಸಾಲಾಗಿ ಐದು ರಾ ಇದೆ!"