ಕೆಜಿಗೆ ಎಷ್ಟು ಬಂಗುಡೆ?

ಮೈಸೂರಿನಲ್ಲಿ ಕುಳಿತು ಸಮುದ್ರದ ಮೀನು ಮಾರುವ ನನಗೆ ಕಡಲು ಕಾಣುವುದು ಐಸು ತುಂಬಿದ ಪೆಟ್ಟಿಗೆಯೊಳಗೆ. ರಾತ್ರಿ ಕರಾವಳಿಯಿಂದ ಹೊರಟ ಗಾಡಿ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಹುಣಸೂರು ದಾಟಿ ಬೆಳಗಿನ ಜಾವ ಬಂದು ನಿಲ್ಲುತ್ತದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ನಾನು ನೋಡುವುದು ಮೂರು ಸಂಗತಿ: ಮೀನಿನ ಕಣ್ಣು, ಕಿವಿರು, ಆಮೇಲೆ ಕೆಜಿಗೆ ಎಷ್ಟು ತೂಗುತ್ತದೆ ಎಂಬ ಎಣಿಕೆ. ಮೊದಲಿನ ಎರಡು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಮೂರನೆಯದರಿಂದ ನನ್ನ ಖರೀದಿಯ ರೀತಿಯೇ ಬದಲಾಯಿತು.

ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಕೇರಳವು ಮೀನಿನ ಜಾತಿಗೊಂದು ಕನಿಷ್ಠ ಉದ್ದವನ್ನು ನಿಗದಿ ಮಾಡಿದೆ. ಅದರಲ್ಲಿ ಬಂಗುಡೆಗೆ 14 ಸೆಂಟಿಮೀಟರ್, ಭೂತಾಯಿಗೆ 10. ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಉದ್ದ ಇದು. ಆದರೆ ಬೆಳಗಿನ ಐದು ಗಂಟೆಗೆ ಒಂದೊಂದೇ ಮೀನನ್ನು ಸ್ಕೇಲಿನ ಮೇಲೆ ಮಲಗಿಸುತ್ತಾ ಕುಳಿತರೆ ವ್ಯಾಪಾರ ಮಾಡುವವರು ಯಾರು? ಅದಕ್ಕೆ ನಾನು ತಕ್ಕಡಿಯನ್ನೇ ಅಳತೆಗೋಲು ಮಾಡಿಕೊಂಡೆ. ಮೀನಿನ ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟಾಗುತ್ತದೆ. ಹಾಗಾಗಿ ಉದ್ದದಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ ತೂಕದಲ್ಲಿ ಎದ್ದು ಕಾಣುತ್ತದೆ. ನನ್ನ ಅಂಗಡಿಯ ಲೆಕ್ಕದಲ್ಲಿ 14 ಸೆಂಟಿಮೀಟರಿನ ಬಂಗುಡೆ ಕೆಜಿಗೆ 35ರ ಆಚೀಚೆ ಬರುತ್ತದೆ, 18ರದ್ದು 17 ಅಥವಾ 18, ಇಪ್ಪತ್ತರದ್ದು ಹನ್ನೆರಡೋ ಹದಿಮೂರೋ. ಬಂಗುಡೆ ಮೊಟ್ಟೆಯಿಡುವ ಹಂತಕ್ಕೆ ಬರುವುದು ಸುಮಾರು 18 ಸೆಂಟಿಮೀಟರ್ ದಾಟುವ ಹೊತ್ತಿಗೆ. ಅಂದರೆ 14 ಎಂಬುದು ತೀರಾ ಮರಿಗಳನ್ನು ತಡೆಯುವ ಮಿತಿಯೇ ಹೊರತು, ಮೀನು ಒಮ್ಮೆಯಾದರೂ ಮೊಟ್ಟೆ ಹಾಕಿದೆ ಎಂಬ ಖಾತರಿಯಲ್ಲ. ಕೆಜಿಗೆ 18ಕ್ಕಿಂತ ಹೆಚ್ಚು ತೂಗುವ ಬಂಗುಡೆ ಬೇಡ ಎಂದು ನಾನು ತೀರ್ಮಾನಿಸಿದ್ದು ಈ ಕಾರಣಕ್ಕೆ.

ಎಣಿಕೆಯಲ್ಲಿ ಒಂದು ಎಚ್ಚರ ಬೇಕು. ಪೆಟ್ಟಿಗೆಯ ಮೇಲ್ಪದರದಲ್ಲಿ ದಪ್ಪ ಮೀನು ಜೋಡಿಸುವುದು ಈ ವ್ಯಾಪಾರದ ಹಳೆಯ ಕೈಚಳಕ. ಒಂದು ಸೆಪ್ಟೆಂಬರಿನಲ್ಲಿ ಬಂದ ಪೆಟ್ಟಿಗೆಯ ಮೇಲಿನಿಂದ ಒಂದು ಕೆಜಿ ತೂಗಿದಾಗ 14 ಮೀನು ಬಂದವು, ಕಣ್ತುಂಬುವ ಮಾಲು. ಐಸಿನೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ತೆಗೆದು ತೂಗಿದರೆ 34. ಎಲ್ಲವನ್ನೂ ಬೆರೆಸಿ ಸರಾಸರಿ ತೆಗೆದಿದ್ದರೆ ಅಷ್ಟೇನೂ ಸಣ್ಣದಲ್ಲ ಎನಿಸುತ್ತಿತ್ತು. ಅದಕ್ಕೇ ಮೇಲೆ, ನಡುವೆ, ತಳ ಎಂದು ಮೂರು ಕಡೆ ಬೇರೆ ಬೇರೆ ತೂಗಿ, ಅತಿ ಸಣ್ಣ ಮೀನು ಬಂದ ಕಡೆಯ ಎಣಿಕೆಯನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮಳೆಗಾಲದ ರಜೆ ಮುಗಿದ ಮೇಲೆ, ಆಗಸ್ಟ್ ಸೆಪ್ಟೆಂಬರಿನಲ್ಲಿ, ಆ ವರ್ಷದ ಮರಿಗಳು ಬಲೆಗೆ ಸಿಗುವ ಕಾಲದಲ್ಲಿ ಈ ಕೆಲಸವನ್ನು ಒಂದು ದಿನವೂ ಬಿಡುವಂತಿಲ್ಲ.

ಸಣ್ಣ ಮೀನನ್ನು ಮರಳಿ ಕಳಿಸಿದರಾಯಿತಲ್ಲ ಎಂದು ಕೇಳುವವರುಂಟು. ಮೈಸೂರಿನಿಂದ ಮರಳಿ ಹೋದ ಮೀನು ಕಡಲಿಗೆ ಹೋಗುವುದಿಲ್ಲ. ಅದು ಸತ್ತಾಗಿದೆ, ಇನ್ನೊಂದು ಮಾರುಕಟ್ಟೆಗೋ ಫಿಶ್‌ಮೀಲ್ ಕಾರ್ಖಾನೆಗೋ ಹೋಗುತ್ತದೆ. ಕಾರ್ಖಾನೆಗೆ ಮೀನಿನ ಗಾತ್ರ ಮುಖ್ಯವಲ್ಲ, ತೂಕ ಸಾಕು. ಆದ್ದರಿಂದ ನನ್ನ ಮಾತಿಗೆ ಬೆಲೆ ಬರಬೇಕಾದರೆ ಅದು ದೋಣಿ ಹೊರಡುವ ಮುನ್ನವೇ ತಲುಪಬೇಕು. ಬಂದರಿನ ಏಜೆಂಟರಿಗೆ ಫೋನಿನಲ್ಲಿ ಹೇಳಿದೆ: ಕಂತಬಲೆ ಹಾಕುವ ನಾಡದೋಣಿಗಳ ಬಂಗುಡೆ ಬೇರೆ ಪೆಟ್ಟಿಗೆಯಲ್ಲಿ ಬರಲಿ, ಕೆಜಿಗೆ 12ರೊಳಗೆ ಒಂದು ದರ, 18ರವರೆಗೆ ಇನ್ನೊಂದು ದರ, ಅದರಾಚೆ ದರವೇ ಇಲ್ಲ. ಅವರು ನಕ್ಕರು. “ಮೀನು ನಿಮ್ಮ ತಕ್ಕಡಿ ನೋಡಿಕೊಂಡು ಬಲೆಗೆ ಬೀಳುವುದಿಲ್ಲ ಮಾರಾಯರೇ.”

ಕಂತಬಲೆಯ ಮಟ್ಟಿಗೆ ಹೇಳುವುದಾದರೆ ಬಹುಮಟ್ಟಿಗೆ ಹಾಗೆಯೇ ಬೀಳುತ್ತದೆ. ಈ ಬಲೆ ನೀರಿನಲ್ಲಿ ಪರದೆಯಂತೆ ಇಳಿಬಿದ್ದಿರುತ್ತದೆ. ಮೀನು ತಲೆ ತೂರಿಸುತ್ತದೆ, ಮೈ ತೂರುವುದಿಲ್ಲ, ಹಿಂದೆ ಸರಿದರೆ ದಾರ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಬಂಗುಡೆಗೆ ಹಾಕುವ ಬಲೆಯ ಕಣ್ಣು ಸಾಮಾನ್ಯವಾಗಿ 50 ಮಿಲಿಮೀಟರ್. ಕಣ್ಣನ್ನು ಎಳೆದು ಹಿಡಿದಾಗ ಒಂದು ಗಂಟಿನಿಂದ ಎದುರಿನ ಗಂಟಿಗೆ ಇರುವ ಅಳತೆ ಅದು. ಸುತ್ತಳತೆ 100 ಮಿಲಿಮೀಟರ್ ಆಯಿತು. 20 ಸೆಂಟಿಮೀಟರ್ ಬಂಗುಡೆಯ ಹೊಟ್ಟೆಯ ಸುತ್ತಳತೆ ಅದಕ್ಕಿಂತ ಕೊಂಚ ಹೆಚ್ಚು, ಆದ್ದರಿಂದ ಸಿಕ್ಕಿಬೀಳುತ್ತದೆ. 14ರ ಮರಿ ನುಸುಳಿ ಹೋಗುತ್ತದೆ. ಕಂತಬಲೆಯ ಪೆಟ್ಟಿಗೆ ಹೌದೋ ಅಲ್ಲವೋ ಎಂದು ಇಲ್ಲಿಂದಲೇ ಹೇಳಬಹುದು. ಕಿವಿರಿನ ಮುಚ್ಚಳದ ಹಿಂದೆ ದಾರ ಒತ್ತಿದ ಗೀರು ಇರುತ್ತದೆ, ಮೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಮೈ ಉಜ್ಜಿಹೋಗಿ, ದೊಡ್ಡದು ಚಿಕ್ಕದು ಬೆರೆತಿದ್ದರೆ ಅದು ಟ್ರಾಲ್ ಬೋಟಿನದು.

ಟ್ರಾಲ್ ಬಲೆಗೂ ನಿಯಮ ಇಲ್ಲದಿಲ್ಲ. ಹಿಂಬದಿಯ ಚೀಲದ ಕಣ್ಣು 35 ಮಿಲಿಮೀಟರ್ ಇರಬೇಕು. ತೊಡಕಿರುವುದು ಕಣ್ಣಿನ ಆಕಾರದಲ್ಲಿ. ವಜ್ರಾಕೃತಿಯ ಕಣ್ಣು, ಚೀಲ ತುಂಬಿ ಬೋಟು ಎಳೆಯತೊಡಗಿದ ಕೂಡಲೇ ಮುಚ್ಚಿಕೊಂಡು ಸೀಳಿನಂತಾಗುತ್ತದೆ. ದಡದಲ್ಲಿ ಅಳೆದಾಗ ಸರಿಯಾಗಿದ್ದ ಬಲೆ ನೀರಿನಲ್ಲಿ ಮರಿಗಳನ್ನು ಬಿಡುವುದಿಲ್ಲ. ಚೌಕ ಕಣ್ಣು ಎಳೆತಕ್ಕೆ ಮುಚ್ಚುವುದಿಲ್ಲ ಎಂಬ ಕಾರಣಕ್ಕೇ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪ್ರಚಾರ ಮಾಡಿದ್ದು. ಆದರೆ ಚೌಕ ಕಣ್ಣಿನ ಚೀಲದ ಮೇಲೆ ಇನ್ನೊಂದು ಚೀಲ ಹೊದಿಸಿದರೆ ಎಲ್ಲವೂ ನೀರುಪಾಲು.

ವಿದೇಶಗಳಂತೆ ಇಂತಿಷ್ಟೇ ಟನ್ ಹಿಡಿಯಬೇಕು ಎಂಬ ಕೋಟಾ ನಮ್ಮಲ್ಲೇಕಿಲ್ಲ ಎಂದು ಓದಿಕೊಂಡ ಗಿರಾಕಿಯೊಬ್ಬರು ಆಗಾಗ ಕೇಳುತ್ತಾರೆ. ಒಂದೇ ಬಲೆಗೆ ಹತ್ತಾರು ಜಾತಿಯ ಮೀನು ಬೀಳುವ ಕಡಲಿದು, ಮೀನು ಇಳಿಯುವ ದಡಗಳು ಸಾಲುಸಾಲು. ಜಾತಿವಾರು ತೂಕ ಬರೆದುಕೊಳ್ಳುವವರು ಯಾರು? ಬಂಗುಡೆಯ ಕೋಟಾ ಮುಗಿದರೆ ಬಲೆಗೆ ಬಿದ್ದ ಬಂಗುಡೆಯನ್ನು ಸತ್ತ ಮೇಲೆ ನೀರಿಗೆ ಎಸೆಯುವುದೊಂದೇ ದಾರಿ. ನಮ್ಮಲ್ಲಿರುವುದು ಬಲೆಯ ಮಿತಿ ಮತ್ತು ಕಾಲದ ಮಿತಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಹಾಕಿರುತ್ತದೆ. ಆಗ “ತಾಜಾ ಅಂಜಲ್ ಇದೆ” ಎನ್ನುವವರನ್ನು ಎಲ್ಲಿಂದ ತಂದಿರಿ ಎಂದು ಕೇಳಬೇಕು. ಆ ದಿನಗಳಲ್ಲಿ ನಾನು ಕೆರೆ, ಜಲಾಶಯಗಳ ಕಾಟ್ಲಾ, ರೋಹು ಮಾರುತ್ತೇನೆ.

ನನ್ನ ದರದ ಏರ್ಪಾಡು ನಿಂತಿರುವುದು ಮಿಲಿಟರಿ ಹೋಟೆಲುಗಳ ಮೇಲೆ. ತಟ್ಟೆಗೊಂದು ತವಾ ಫ್ರೈ ಬಡಿಸುವವರಿಗೆ ಎಲ್ಲ ಮೀನೂ ಒಂದೇ ಅಳತೆಯದಾಗಿರಬೇಕು, ಅದಕ್ಕೆ ಹೆಚ್ಚು ಹಣವನ್ನೂ ಕೊಡುತ್ತಾರೆ. ಮನೆಗೆ ಒಯ್ಯುವವರ ಲೆಕ್ಕ ಬೇರೆ. “ಅಣ್ಣ, ಮನೆಯಲ್ಲಿ ಎಂಟು ಜನ, ಕೆಜಿಗೆ ಹೆಚ್ಚು ಬರುವುದನ್ನೇ ಕೊಡಿ” ಎನ್ನುವ ಅಕ್ಕಂದಿರಿಗೆ ನಾನು ನೆತ್ತಿಲಿ ತೋರಿಸುತ್ತೇನೆ. ಅದು ಬಲಿತರೂ ಬೆರಳುದ್ದವೇ. ಸಣ್ಣ ಮೀನು ಬೇರೆ, ಮೀನಿನ ಮರಿ ಬೇರೆ.

ಭೂತಾಯಿಯಲ್ಲಿ ಈ ಏರ್ಪಾಡು ನಡೆಯುವುದಿಲ್ಲ. ಅದಕ್ಕೆ ಇನ್ನೂ ಸಣ್ಣ ಕಣ್ಣಿನ ಕಂತಬಲೆ ಬೇಕು, ಬಲೆಯಿಂದ ಒಂದೊಂದನ್ನೇ ಕೈಯಲ್ಲಿ ಬಿಡಿಸುವಷ್ಟರಲ್ಲಿ ಮೀನು ಮೆತ್ತಗಾಗುತ್ತದೆ, ಕೂಲಿಯೂ ಹುಟ್ಟುವುದಿಲ್ಲ. ನನಗೆ ಬರುವುದು ಹೆಚ್ಚಾಗಿ ಪರ್ಸೀನ್ ಬೋಟಿನ ಭೂತಾಯಿ. ಆ ಬಲೆ ಹಿಂಡನ್ನೇ ಸುತ್ತುವರಿಯುವುದರಿಂದ ಕಣ್ಣಿನ ಅಳತೆ ಗಾತ್ರವನ್ನು ಆರಿಸಿಕೊಡುವುದಿಲ್ಲ. ಅಲ್ಲಿ ನನ್ನ ಕೈಯಲ್ಲಿರುವುದು ಎಣಿಕೆಯೊಂದೇ. ಕೆಜಿಗೆ 40 ದಾಟಿದ ದಿನ ಭೂತಾಯಿ ಇಲ್ಲ ಎಂದು ಹಲಗೆಯಲ್ಲಿ ಬರೆಯುತ್ತೇನೆ. ಅಂಥ ದಿನ ಪಕ್ಕದ ಅಂಗಡಿಯಲ್ಲಿ ಅದೇ ಮೀನು ಹನ್ನೊಂದು ಗಂಟೆಯೊಳಗೆ ಖಾಲಿಯಾಗಿರುತ್ತದೆ.